ಸಂತೆಯಲ್ಲಿ ಹಸು ಕೊಳ್ಳುವ ಮುನ್ನ ಬಾಯಿ ನೋಡಿ, ಕೆಚ್ಚಲು ಮುಟ್ಟಿ

(ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೈತರಿಗೆ ದನದ ಬಾಯಿ ನೋಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕೆಂಗಲ್ ಅಯ್ಯನಗುಡಿ ಜಾತ್ರೆಗೆ ಹೋಗಿ ನೋಡಿ. ಹಳ್ಳಿಕಾರ್ ಜೋಡಿಯ ಮುಂದೆ ನಿಂತ ಹಿರಿಯರು ಮೊದಲು ಮಾಡುವ ಕೆಲಸ ಎತ್ತಿನ ಕೆಳತುಟಿ ಎಳೆದು ನೋಡುವುದು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ, ಜೋಡಿಯ ಎರಡೂ ಒಂದೇ ಹಲ್ಲಿನಲ್ಲಿವೆಯೋ ಎಂದು ನೋಡಿದ ಮೇಲೆಯೇ ಟವೆಲ್ಲಿನ ಕೆಳಗೆ ಬೆರಳು ಹಿಡಿಯುತ್ತಾರೆ. ಆದರೆ ಅದೇ ಹಿರಿಯರ ಮಗ ಸೀಮೆಹಸು ಕೊಳ್ಳಲು ಸಂತೆಗೆ ಹೋದರೆ ಬಾಯಿಯ ಕಡೆ ತಿರುಗಿಯೂ ನೋಡುವುದಿಲ್ಲ. ನೇರವಾಗಿ ಹಿಂದಕ್ಕೆ ಹೋಗಿ ಕೆಚ್ಚಲು ಎಷ್ಟು ದೊಡ್ಡದಿದೆ ಎಂದು ನೋಡುತ್ತಾನೆ. ದಳ್ಳಾಳಿಗೂ ಬೇಕಾಗಿರುವುದು ಅದೇ. ಕೆಚ್ಚಲನ್ನು ಒಂದು ದಿನದ ಮಟ್ಟಿಗೆ ದೊಡ್ಡದು ಮಾಡಿ ತೋರಿಸಬಹುದು, ಬಾಯಿಯೊಳಗಿನ ಹಲ್ಲನ್ನು ಎಳೆಯದು ಮಾಡುವುದು ಅಷ್ಟು ಸುಲಭವಲ್ಲ. ಆದ್ದರಿಂದ ಈ ದಿನ ನಾನು ಹಲ್ಲಿನಿಂದ ಆರಂಭಿಸಿ, ಆಮೇಲೆ ಕೆಚ್ಚಲಿಗೆ ಬರುತ್ತೇನೆ.

ಮೊದಲು ಬಾಯಿ ತೆರೆಯುವ ಕ್ರಮ. ಹಸುವಿನ ಮುಂದೆ ನಿಲ್ಲಬೇಡಿ, ಕುತ್ತಿಗೆಯ ಪಕ್ಕಕ್ಕೆ ಒತ್ತಿಕೊಂಡು ನಿಲ್ಲಿ. ಒಂದು ಕೈಯಿಂದ ಮೂಗುದಾರವನ್ನೋ, ಮೂಗಿನ ಹೊಳ್ಳೆಗಳ ನಡುವಿನ ಗೋಡೆಯನ್ನೋ ಹಿಡಿದು ತಲೆಯನ್ನು ಸ್ವಲ್ಪ ಮೇಲೆತ್ತಿ. ಇನ್ನೊಂದು ಕೈಯಿಂದ ಕೆಳತುಟಿಯನ್ನು ಕೆಳಕ್ಕೆ ಎಳೆದರೆ ಸಾಕು, ಮುಂದಿನ ಹಲ್ಲುಗಳು ಪೂರ್ತಿ ಕಾಣುತ್ತವೆ. ಹಲ್ಲಿನ ಮೇಲ್ಭಾಗವನ್ನೂ ನಾಲಿಗೆಯನ್ನೂ ನೋಡಬೇಕಾದರೆ ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಜಾಗವೊಂದಿದೆ, ಅಲ್ಲಿ ಬೆರಳಿಟ್ಟರೆ ಹಸು ತಾನಾಗಿ ಬಾಯಿ ಬಿಡುತ್ತದೆ. ಅದಕ್ಕಿಂತ ಹಿಂದಕ್ಕೆ ಬೆರಳು ಹೋದರೆ ದವಡೆ ಹಲ್ಲುಗಳಿವೆ, ಎಚ್ಚರಿಕೆ. ಒಂದು ಮಾತು ನೆನಪಿರಲಿ: ಬಾಯಿಂದ ವಿಪರೀತ ಜೊಲ್ಲು ಸುರಿಸುತ್ತಿರುವ, ನುಂಗಲಾರದೆ ಒದ್ದಾಡುವ, ಧ್ವನಿ ಬದಲಾದ, ಮೈಮೇಲೆ ಏರಿ ಬರುವ ದನದ ಬಾಯಿಗೆ ಯಾವ ಕಾರಣಕ್ಕೂ ಕೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ ದನವೂ ಹಾಗೆಯೇ ಇರುತ್ತದೆ.

ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿಯಾದ ವಸಡು ಮಾತ್ರ ಇದೆ. ಕೆಳದವಡೆಯ ಮುಂದೆ ಎಂಟು ಹಲ್ಲುಗಳಿವೆ, ಅಂದರೆ ನಾಲ್ಕು ಜೋಡಿ. ಕರು ಹುಟ್ಟುವಾಗಲೇ ಕೆಲವು ಹಾಲುಹಲ್ಲು ಇರುತ್ತವೆ, ತಿಂಗಳೊಳಗೆ ಎಂಟೂ ಬರುತ್ತವೆ. ಇವು ಬಿದ್ದು ಶಾಶ್ವತ ಹಲ್ಲು ಬರುವುದು ನಡುವಿನಿಂದ ಮೂಲೆಯ ಕಡೆಗೆ, ಜೋಡಿ ಜೋಡಿಯಾಗಿ. ನಡುವಿನ ಜೋಡಿ ಸುಮಾರು ಎರಡು ವರ್ಷಕ್ಕೆ ಬರುತ್ತದೆ. ಎರಡನೇ ಜೋಡಿ ಎರಡೂವರೆಯಿಂದ ಮೂರು ವರ್ಷದೊಳಗೆ, ಮೂರನೇ ಜೋಡಿ ಮೂರರಿಂದ ಮೂರೂವರೆ ವರ್ಷದೊಳಗೆ, ಮೂಲೆಯ ಜೋಡಿ ನಾಲ್ಕರಿಂದ ನಾಲ್ಕೂವರೆ ವರ್ಷದ ಹೊತ್ತಿಗೆ. ಆಗ ಬಾಯಿಗೂಡಿತು ಎನ್ನುತ್ತೇವೆ. ಸೀಮೆಹಸುಗಳಲ್ಲಿ ಇದು ಕೆಲವು ತಿಂಗಳು ಮುಂಚೆ, ನಾಟಿ ಮತ್ತು ಹಳ್ಳಿಕಾರ್ ದನಗಳಲ್ಲಿ ಕೆಲವು ತಿಂಗಳು ತಡವಾಗಿ ಆಗುತ್ತದೆ. ಮೇವು ಸಾಲದೆ ಬೆಳೆದ ಕಡಸಿನಲ್ಲಿ ಇನ್ನೂ ತಡ. ಆದುದರಿಂದ ಬಾಯಿಗೂಡುವವರೆಗೆ ನೀವು ಹೇಳುವ ವಯಸ್ಸಿನಲ್ಲಿ ಆರು ತಿಂಗಳು ಹೆಚ್ಚು ಕಡಿಮೆ ಇರಬಹುದು ಎಂದು ಇಟ್ಟುಕೊಳ್ಳಿ.

ಹಾಲುಹಲ್ಲನ್ನೂ ಶಾಶ್ವತ ಹಲ್ಲನ್ನೂ ಗುರುತಿಸುವುದು ಕಷ್ಟವಲ್ಲ. ಹಾಲುಹಲ್ಲು ಚಿಕ್ಕದು, ಹಾಲಿನಂತೆ ಬಿಳಿ, ಬುಡದ ಹತ್ತಿರ ಕುತ್ತಿಗೆ ಹಿಚುಕಿದಂತೆ ಸಣ್ಣ. ಶಾಶ್ವತ ಹಲ್ಲು ಅದರ ಪಕ್ಕದಲ್ಲಿ ಸಲಿಕೆಯ ಹಾಗೆ ಅಗಲವಾಗಿ ನಿಂತಿರುತ್ತದೆ, ಬಣ್ಣದಲ್ಲಿ ಸ್ವಲ್ಪ ಹಳದಿ ಛಾಯೆ ಇರುತ್ತದೆ, ಮುಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಸಣ್ಣ ಗೆರೆಗಳು ಕಾಣುತ್ತವೆ. ಒಂದು ಬಾಯಲ್ಲಿ ಎರಡೂ ಇದ್ದರೆ ಮಕ್ಕಳೂ ಗುರುತು ಹಿಡಿಯುತ್ತಾರೆ.

ಮೋಸ ಆಗುವುದು ಎಣಿಕೆಯಲ್ಲಿ. ‘ಆರು ಹಲ್ಲು’ ಎಂದರೆ ಬಾಯಲ್ಲಿ ಆರೇ ಹಲ್ಲು ಎಂದರ್ಥವಲ್ಲ. ಆರು ದೊಡ್ಡ ಹಲ್ಲು, ಜೊತೆಗೆ ಎರಡೂ ಮೂಲೆಯಲ್ಲಿ ಒಂದೊಂದು ಚಿಕ್ಕ ಹಾಲುಹಲ್ಲು, ಒಟ್ಟು ಎಂಟು. ಎರಡು ಹಲ್ಲಿನ ಕಡಸಿನ ಬಾಯಲ್ಲೂ ಎಂಟಿರಬೇಕು, ನಾಲ್ಕು ಹಲ್ಲಿನದರಲ್ಲೂ ಎಂಟಿರಬೇಕು. ಎಣಿಸಿದಾಗ ಒಟ್ಟು ಆರೇ ಬಂದರೆ ಮೂಲೆಯ ಎರಡು ಎಲ್ಲಿ ಹೋದವು ಎಂದು ಕೇಳಬೇಕು. ಒಂದೋ ಹಾಲುಹಲ್ಲು ಬಿದ್ದು ಹೊಸದು ಬರುವ ಹೊತ್ತು. ಹಾಗಿದ್ದರೆ ಆ ಜಾಗದ ವಸಡು ಉಬ್ಬಿ ಕೆಂಪಗಿರುತ್ತದೆ, ಬೆರಳಿಟ್ಟರೆ ಒಳಗೆ ಗಟ್ಟಿಯಾಗಿ ಹಲ್ಲಿನ ತುದಿ ಸಿಗುತ್ತದೆ. ಇಲ್ಲವೋ, ಮುದಿ ಹಸುವಿನ ಮೂಲೆ ಹಲ್ಲು ಅಲುಗಾಡಿ ಬಿದ್ದಿವೆ, ಅಥವಾ ಕಿತ್ತಿದ್ದಾರೆ. ಆಗ ವಸಡು ಚಪ್ಪಟೆಯಾಗಿ ಕುಗ್ಗಿ ಮಾಯ್ದಿರುತ್ತದೆ. ಇದೊಂದನ್ನು ನೋಡಲು ಅರ್ಧ ನಿಮಿಷವೂ ಬೇಡ.

ಬಾಯಿಗೂಡಿದ ಮೇಲೆ ಹೊಸ ಹಲ್ಲು ಬರುವುದಿಲ್ಲ. ಅಲ್ಲಿಂದ ಮುಂದೆ ಸವೆತವೇ ಲೆಕ್ಕ. ಹೊಸ ಹಲ್ಲಿನ ಮೇಲಂಚು ಉಳಿಯ ಬಾಯಿಯಂತೆ ಚೂಪು. ವರ್ಷ ಕಳೆದಂತೆ ಆ ಅಂಚು ಸವೆದು ಮೇಲೆ ಒಂದು ಮಟ್ಟಸ ಜಾಗ ಏರ್ಪಡುತ್ತದೆ. ಇನ್ನೂ ಸವೆದರೆ ಆ ಮಟ್ಟಸ ಜಾಗದ ನಡುವೆ ಕಂದು ಗೆರೆ ಕಾಣಿಸಿ, ಬರಬರುತ್ತಾ ಚೌಕದ ಹಾಗೂ, ಕಡೆಗೆ ದುಂಡು ಬೊಟ್ಟಿನ ಹಾಗೂ ಆಗುತ್ತದೆ. ಬಂದ ಕ್ರಮದಲ್ಲಿಯೇ ಸವೆತವೂ ಆಗುತ್ತದೆ, ಮೊದಲು ನಡುವಿನ ಜೋಡಿ, ಕಡೆಗೆ ಮೂಲೆಯದು. ನಡುವಿನ ಜೋಡಿ ಮಟ್ಟಸವಾಗಿದ್ದರೆ ಆರು ವರ್ಷದ ಆಸುಪಾಸು, ಎರಡನೇ ಜೋಡಿಯೂ ಆಗಿದ್ದರೆ ಏಳು, ಮೂರನೆಯದೂ ಆಗಿದ್ದರೆ ಎಂಟು, ಮೂಲೆಯದೂ ಮಟ್ಟಸವಾಗಿದ್ದರೆ ಒಂಬತ್ತು. ಹತ್ತು ದಾಟಿದ ಮೇಲೆ ಹಲ್ಲುಗಳ ನಡುವೆ ಸಂದು ಬೀಳುತ್ತದೆ, ವಸಡು ಕೆಳಗಿಳಿದು ಬೇರು ಕಾಣುತ್ತದೆ. ಹನ್ನೆರಡರ ಹೊತ್ತಿಗೆ ಉಳಿಯುವುದು ಮೋಟು ಗೂಟಗಳು.

ಈ ಮೋಟು ಗೂಟಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಸವೆದು ಚಿಕ್ಕದಾಗಿ, ಸಂದು ಬಿಟ್ಟುಕೊಂಡು ನಿಂತ ಮುದಿ ಹಲ್ಲನ್ನು ‘ಇನ್ನೂ ಹಾಲುಹಲ್ಲು ಸ್ವಾಮಿ’ ಎಂದು ತೋರಿಸುವ ಧೈರ್ಯವಂತರಿದ್ದಾರೆ. ಹಾಲುಹಲ್ಲಿನ ಬುಡ ವಸಡಿನೊಳಗೆ ಅಡಗಿರುತ್ತದೆ, ಮುದಿ ಹಲ್ಲಿನ ಬೇರು ಹೊರಗೆ ನಿಂತಿರುತ್ತದೆ. ಹಾಲುಹಲ್ಲಿನ ಬಣ್ಣ ಬಿಳಿ, ಮುದಿ ಹಲ್ಲಿನದು ಕಂದು.

ಅರ ಹಾಕಿ ಉಜ್ಜಿದ ಹಲ್ಲನ್ನೂ ಕಂಡುಹಿಡಿಯಬಹುದು. ಸವೆದ ಅಂಚನ್ನು ಮತ್ತೆ ಚೂಪು ಮಾಡಿ ಎಳೆಯದೆಂದು ತೋರಿಸಲು ಹಾಗೆ ಮಾಡುತ್ತಾರೆ. ಆದರೆ ಸಹಜವಾಗಿ ಸವೆದ ಹಲ್ಲು ನುಣುಪಾಗಿರುತ್ತದೆ, ಅರ ಹಾಕಿದ್ದು ಉಗುರಿಗೆ ಒರಟಾಗಿ ತಾಕುತ್ತದೆ, ಓರೆ ಗೀಟುಗಳು ಕಾಣುತ್ತವೆ. ಎಷ್ಟು ಉಜ್ಜಿದರೂ ನಡುವಿನ ಕಂದು ಬೊಟ್ಟು ಹೋಗುವುದಿಲ್ಲ, ಹಲ್ಲಿನ ಒಳಗಿನಿಂದ ಬಂದದ್ದು ಅದು.

ಸವೆತದ ಲೆಕ್ಕಕ್ಕೂ ಒಂದು ಮಿತಿ ಇದೆ. ಒಣ ರಾಗಿಹುಲ್ಲು ತಿಂದು, ಮರಳು ನೆಲದಲ್ಲಿ ಮೇದ ದನದ ಹಲ್ಲು ಬೇಗ ಸವೆಯುತ್ತದೆ. ಹಸಿರು ಮೇವು ಕತ್ತರಿಸಿ ಗೊಂತಿನಲ್ಲೇ ತಿನ್ನಿಸಿದ ಹಸುವಿನದು ನಿಧಾನ. ಚಿಂತಾಮಣಿ, ಕೋಲಾರದ ಕಡೆಯಿಂದ ನಮ್ಮಲ್ಲಿಗೆ ಸೀಮೆಹಸುಗಳು ಬರುವುದು ತಮಗೆ ಗೊತ್ತು. ಆ ಭಾಗದ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಚಿಕ್ಕಂದಿನಿಂದ ಅಂತಹ ನೀರು ಕುಡಿದ ಹಸುವಿನ ಹಲ್ಲಿನಲ್ಲಿ ಕಂದು ಕಲೆಗಳಿರಬಹುದು, ಸವೆತವೂ ಬೇಗ. ಕಲೆ ಕಂಡ ಬಾಯಲ್ಲಿ ಸವೆತವನ್ನು ನೋಡಿ ವರ್ಷ ಹೇಳಲು ಹೋಗಬೇಡಿ. ಒಟ್ಟಿನಲ್ಲಿ ಆರು ವರ್ಷದಾಚೆಗೆ ಹಲ್ಲು ಹೇಳುವ ಲೆಕ್ಕದಲ್ಲಿ ಒಂದು ವರ್ಷ ಆಚೀಚೆ ಎಂದೇ ತಿಳಿಯಿರಿ.

ಕೊಂಬಿನ ಬಳೆ ಎಣಿಸಿ ವಯಸ್ಸು ಹೇಳುವವರೂ ಇದ್ದಾರೆ. ಕೊಂಬು ಹೆರೆದು ನಯ ಮಾಡುವ ನಮ್ಮ ಸೀಮೆಯಲ್ಲಿ, ಅದೂ ಕರುವಿನಲ್ಲಿಯೇ ಕೊಂಬು ಸುಟ್ಟ ಸೀಮೆಹಸುವಿನಲ್ಲಿ, ಅದನ್ನು ಬಿಟ್ಟುಬಿಡುವುದೇ ಲೇಸು.

ಇನ್ನು ಹಲ್ಲಿನ ಲೆಕ್ಕವನ್ನು ಸೂಲಿನ ಲೆಕ್ಕದ ಜೊತೆ ತಾಳೆ ಹಾಕುವುದು. ನನ್ನ ಅಭಿಪ್ರಾಯದಲ್ಲಿ ಹಲ್ಲು ನೋಡುವುದರ ನಿಜವಾದ ಉಪಯೋಗ ಇಲ್ಲಿದೆ. ಚೆನ್ನಾಗಿ ಸಾಕಿದ ಸೀಮೆಹಸು ಎರಡೂವರೆಯಿಂದ ಮೂರು ವರ್ಷಕ್ಕೆ ಮೊದಲ ಕರು ಹಾಕುತ್ತದೆ. ಆಮೇಲೆ ಹದಿಮೂರರಿಂದ ಹದಿನೈದು ತಿಂಗಳಿಗೊಂದು ಕರು. ಹಾಗಾದರೆ ಮೊದಲ ಸೂಲಿನ ಹಸು ಎರಡು ಅಥವಾ ನಾಲ್ಕು ಹಲ್ಲಿನಲ್ಲಿರಬೇಕು. ಎರಡನೇ ಸೂಲಿನದು ಆರು ಹಲ್ಲಿನಲ್ಲಿ, ಅಥವಾ ಆಗತಾನೆ ಬಾಯಿಗೂಡಿ ಇರಬೇಕು. ಮೂರನೇ ಸೂಲಿಗೆ ಬಾಯಿಗೂಡಿ ಮೂಲೆ ಹಲ್ಲು ಇನ್ನೂ ಚೂಪಾಗಿರಬೇಕು. ಮಾರುವವರು ‘ಎರಡನೇ ಸೂಲು’ ಎಂದು ಹೇಳಿ, ಬಾಯಿ ಏಳು ವರ್ಷ ಎಂದರೆ ಎರಡರಲ್ಲಿ ಒಂದು ನಿಜ. ಒಂದೋ ಅದು ನಾಲ್ಕನೆಯದೋ ಐದನೆಯದೋ ಸೂಲು. ಇಲ್ಲವೇ ಸೂಲು ನಿಜಕ್ಕೂ ಎರಡೇ, ಹಸು ವರ್ಷಗಟ್ಟಲೆ ಗಬ್ಬ ನಿಲ್ಲದೆ ಗೊಡ್ಡು ನಿಂತಿತ್ತು. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ನಾಲ್ಕನೇ ಸೂಲಿನ ಹಸು ಹಾಲಿನಲ್ಲಿ ಕಡಿಮೆಯೇನಲ್ಲ, ಅದಕ್ಕೆ ತಕ್ಕ ಬೆಲೆಗೆ ಸಿಕ್ಕರೆ ಕೊಳ್ಳಬಹುದು. ಪ್ರತಿ ಬೆದೆಗೂ ಇನಾಮು ಕೊಡಿಸಿದಂತೆ ಕೃತಕ ಗರ್ಭಧಾರಣೆಗೆ ದುಡ್ಡು ಸುರಿದರೂ ನಿಲ್ಲದ ಹಸುವನ್ನು ಯಾರು ಸಾಕುತ್ತೀರಿ?

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಹಸುವಿನ ಕಥೆ ಹೇಳುತ್ತೇನೆ. ಮಾಗಡಿ ಕಡೆಯ ನಮ್ಮ ಉತ್ಪಾದಕರೊಬ್ಬರು ಸಂತೆಯಲ್ಲಿ ಒಂದು ಕಪ್ಪು ಬಿಳಿ ಸೀಮೆಹಸುವನ್ನು ನೋಡಿದರು. ದಳ್ಳಾಳಿ ಹೇಳಿದ್ದು ಹೀಗೆ: ಎರಡನೇ ಸೂಲು, ಆರು ಹಲ್ಲು, ಕರು ಹಾಕಿ ಹತ್ತು ದಿನ, ದಿನಕ್ಕೆ ಹದಿನಾರು ಲೀಟರ್, ಬೆಲೆ 80,000 ರೂಪಾಯಿ. ಪಕ್ಕದಲ್ಲಿ ಹೆಣ್ಣು ಕರು. ಕೆಚ್ಚಲು ನೋಡಿದರೆ ಒಡೆದುಹೋಗುವಷ್ಟು ಬಿಗಿ.

ಅವರು ತುಟಿ ಎಳೆದು ಎಣಿಸಿದರು. ದೊಡ್ಡ ಹಲ್ಲು ಆರಿದ್ದವು ನಿಜ. ಆದರೆ ಒಟ್ಟೂ ಆರೇ. ಮೂಲೆಯಲ್ಲಿ ಹಾಲುಹಲ್ಲಿಲ್ಲ, ವಸಡು ಒಳಕ್ಕೆ ಕುಗ್ಗಿ ಮಾಯ್ದಿತ್ತು. ನಡುವಿನ ಎರಡು ಜೋಡಿ ಮಟ್ಟಸ, ನಡುವೆ ಕಂದು ಗೆರೆ. ಹಲ್ಲಿನ ಮೇಲೆ ಫ್ಲೋರೈಡಿನ ಕಲೆಯಿಲ್ಲ. ಅಂದರೆ ಆರು ಹಲ್ಲಿನ ಮೂರೂವರೆ ವರ್ಷದ ಹಸುವಲ್ಲ, ಏಳು ವರ್ಷ ದಾಟಿದ ಹಸು.

ಆಮೇಲೆ ಕರುವನ್ನು ನೋಡಿದರು. ಕರುವಿನ ಹೊಕ್ಕುಳ ಬಳ್ಳಿ ಒಣಗಿ ಕಪ್ಪಾಗಿ, ಸುಮಾರು ಎರಡು ವಾರದ ಹೊತ್ತಿಗೆ ಉದುರುತ್ತದೆ. ಹತ್ತು ದಿನದ ಕರುವಿನಲ್ಲಿ ಆ ಒಣ ತುಣುಕು ಇರಬೇಕು, ಅಥವಾ ಈಗತಾನೆ ಉದುರಿದ ಗುರುತಾದರೂ ಇರಬೇಕು. ಈ ಕರುವಿನ ಹೊಕ್ಕುಳು ಪೂರ್ತಿ ಮಾಯ್ದು ಕೂದಲು ಮುಚ್ಚಿತ್ತು. ಅಷ್ಟೇ ಅಲ್ಲ, ನೆಲದ ಮೇಲಿದ್ದ ಹುಲ್ಲು ತಿಂದು ಮೆಲುಕು ಹಾಕುತ್ತಿತ್ತು. ಹತ್ತು ದಿನದ ಕರು ಮೆಲುಕು ಹಾಕುವುದಿಲ್ಲ. ಆದುದರಿಂದ ಹಸು ಕರು ಹಾಕಿ ಹತ್ತು ದಿನಕ್ಕಿಂತ ಎಷ್ಟೋ ಹೆಚ್ಚು ಆಗಿರಬೇಕು, ಇಲ್ಲವೇ ಆ ಕರು ಬೇರೆ ಹಸುವಿನದು.

ಕೆಚ್ಚಲು ಅಷ್ಟು ಬಿಗಿಯಾಗಿದ್ದದ್ದಕ್ಕೆ ಕಾರಣ ತಮಗೂ ಹೊಳೆದಿರಬೇಕು. ಹಿಂದಿನ ದಿನದ ಬೆಳಿಗ್ಗೆಯಿಂದ ಹಾಲು ಕರೆದಿರಲಿಲ್ಲ. ಅಂತಹ ಹಸುವಿನ ತೊಟ್ಟುಗಳು ಹೊರಕ್ಕೆ ಚಾಚಿಕೊಂಡಿರುತ್ತವೆ, ತಾನಾಗಿ ಹಾಲು ತೊಟ್ಟಿಕ್ಕುತ್ತದೆ, ಹಸು ಕಾಲು ಬದಲಿಸುತ್ತಾ ಒದ್ದಾಡುತ್ತದೆ. ನಿಮ್ಮ ಕಣ್ಣ ಮುಂದೆ ಕರೆದು ಹತ್ತು ಲೀಟರ್ ತೋರಿಸಿದರೆ, ಅದು ಒಂದು ಹೊತ್ತಿನದಲ್ಲ, ಇಡೀ ದಿನದ ಹಾಲು. ಹಾಲಿನ ಸರಿಯಾದ ಲೆಕ್ಕ ಸಿಗಬೇಕಾದರೆ ಮೊದಲು ಎದುರಿಗೆ ಪೂರ್ತಿ ಕರೆಸಿ ಕೆಚ್ಚಲು ಬರಿದು ಮಾಡಿಸಬೇಕು. ಆ ಹಾಲನ್ನು ಲೆಕ್ಕಕ್ಕೆ ಹಿಡಿಯಬಾರದು. ಅಲ್ಲಿಂದ ಹನ್ನೆರಡು ಗಂಟೆಗೆ ಒಮ್ಮೆ, ಮತ್ತೆ ಹನ್ನೆರಡು ಗಂಟೆಗೆ ಇನ್ನೊಮ್ಮೆ ಕರೆಸಿ ಅಳೆಯಬೇಕು. ಆ ಎರಡರ ಮೊತ್ತವೇ ದಿನದ ಹಾಲು. ಸಂತೆಯಲ್ಲಿ ಇದು ಆಗುವ ಮಾತಲ್ಲ. ಮಾರುವವರ ಮನೆಗೇ ಹೋಗಿ ಒಂದು ರಾತ್ರಿ ಉಳಿಯಬೇಕಾಗುತ್ತದೆ. 80,000 ರೂಪಾಯಿ ಕೊಡುವವರಿಗೆ ಒಂದು ರಾತ್ರಿ ದೊಡ್ಡದಲ್ಲ.

ಪೂರ್ತಿ ಕರೆದ ಮೇಲೆ ಕೆಚ್ಚಲನ್ನು ಕೈಯಿಂದ ಮುಟ್ಟಿ ನೋಡುವುದು ಬಹಳ ಮುಖ್ಯ. ಒಳ್ಳೆಯ ಕೆಚ್ಚಲು ಕರೆದ ಮೇಲೆ ಖಾಲಿ ಚೀಲದಂತೆ ಜೋಲಾಗಿ ಮೆತ್ತಗಾಗುತ್ತದೆ. ಕರೆದರೂ ಅಷ್ಟೇ ದೊಡ್ಡದಾಗಿ ಉಳಿದರೆ ಅದು ಮಾಂಸದ ಕೆಚ್ಚಲು, ಹಾಲಿನದಲ್ಲ. ನಾಲ್ಕು ಭಾಗಗಳನ್ನೂ ಬೇರೆ ಬೇರೆಯಾಗಿ ಅಮುಕಿ ನೋಡಿ. ಒಂದು ಭಾಗದಲ್ಲಿ ಗಡ್ಡೆ ಸಿಕ್ಕರೆ, ಒಂದು ಭಾಗ ಉಳಿದವುಗಳಿಗಿಂತ ಚಿಕ್ಕದಾಗಿದ್ದರೆ, ಅಲ್ಲಿ ಹಿಂದೆ ಕೆಚ್ಚಲು ಬಾವು ಬಂದು ಹೋಗಿದೆ. ಪ್ರತಿ ತೊಟ್ಟಿನ ಮೊದಲ ನಾಲ್ಕೈದು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ. ಬಿಳಿ ಚೂರು, ನೀರು ನೀರಾದ ಹಾಲು, ರಕ್ತದ ಎಳೆ ಕಂಡರೆ ಅಲ್ಲಿಗೇ ಮುಗಿಯಿತು.

ಆದರೆ ಕೆಚ್ಚಲು ಬಾವು ಬಹಳ ಸಲ ಕಣ್ಣಿಗೆ ಕಾಣುವುದಿಲ್ಲ. ಹಾಲು ಬೆಳ್ಳಗೇ ಇರುತ್ತದೆ, ಒಳಗೆ ರೋಗವಿರುತ್ತದೆ. ಅದಕ್ಕೆ ಮನೆಯಲ್ಲಿರುವ ಬಟ್ಟೆ ಸೋಪಿನ ಪುಡಿಯೇ ಸಾಕು. ಅರ್ಧ ಲೀಟರ್ ನೀರಿಗೆ 15 ಗ್ರಾಂನಷ್ಟು ಪುಡಿ ಕರಗಿಸಿ ಬಾಟಲಿಯಲ್ಲಿ ಜೊತೆಗೆ ಒಯ್ಯಿರಿ. ನಾಲ್ಕು ಚಿಕ್ಕ ಲೋಟ ಇರಲಿ. ಒಂದೊಂದು ತೊಟ್ಟಿನ ಹಾಲನ್ನು ಒಂದೊಂದು ಲೋಟಕ್ಕೆ ಸ್ವಲ್ಪ ಹಿಂಡಿ, ಅಷ್ಟೇ ಅಳತೆಯ ಸೋಪಿನ ನೀರು ಹಾಕಿ ಒಂದು ನಿಮಿಷ ಮೆಲ್ಲಗೆ ಅಲ್ಲಾಡಿಸಿ. ಹಾಲು ತೆಳ್ಳಗೇ ಉಳಿದರೆ ಸರಿ. ಗಂಜಿಯಂತೆ, ಲೋಳೆಯಂತೆ ಗಟ್ಟಿಯಾದರೆ ಆ ಭಾಗದಲ್ಲಿ ಬಾವು ಇದೆ. ಕರು ಹಾಕಿದ ಮೊದಲ ಕೆಲವು ದಿನ ಗಿಣ್ಣು ಹಾಲಿನಲ್ಲಿಯೂ, ಬತ್ತುವ ಹೊತ್ತಿನ ಹಾಲಿನಲ್ಲಿಯೂ ಈ ಪರೀಕ್ಷೆ ಸರಿಯಾಗಿ ಹೇಳುವುದಿಲ್ಲ, ರೋಗವಿಲ್ಲದೆಯೂ ಗಟ್ಟಿಯಾಗಬಹುದು. ಮಾಗಡಿಯವರು ನೋಡಿದ ಹಸುವಿನ ಹಿಂದಿನ ಬಲಭಾಗದ ಹಾಲು ಲೋಟದಲ್ಲಿ ಲೋಳೆಯಾಗಿ ನಿಂತಿತು, ಉಳಿದ ಮೂರು ತೆಳ್ಳಗಿದ್ದವು. ಸಂಘದಲ್ಲಿ ಹಾಲಿಗೆ ಜಿಡ್ಡು ಮತ್ತು ಎಸ್.ಎನ್.ಎಫ್. ನೋಡಿ ಹಣ ಕೊಡುತ್ತಾರೆ. ಅಂತಹ ಹಸುವಿನ ಹಾಲು ಎರಡರಲ್ಲೂ ಏಟು ತಿನ್ನುತ್ತದೆ, ಔಷಧಿ ಕೊಟ್ಟ ದಿನಗಳಲ್ಲಿ ಹಾಲು ಹಾಕುವಂತೆಯೂ ಇಲ್ಲ.

ಕಡೆಗೆ ಅವರು ಕಿವಿ ನೋಡಿದರು. ಕಿವಿಯೋಲೆ ಇರಲಿಲ್ಲ, ಇದ್ದ ತೂತು ಮಾತ್ರ ಇತ್ತು. ಈಗ ದನಗಳಿಗೆ ಹಾಕುವ ಹಳದಿ ಕಿವಿಯೋಲೆಯಲ್ಲಿ 12 ಅಂಕಿಗಳ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬರೆದುಕೊಂಡು ಬಂದರೆ, ನಿಮ್ಮ ಊರಿನ ಪಶುವೈದ್ಯರು ಅದರಡಿ ದಾಖಲಾದ ತಳಿ, ವಯಸ್ಸು, ಲಸಿಕೆ, ಗರ್ಭಧಾರಣೆಯ ವಿವರ ನೋಡಿ ಹೇಳಬಹುದು. ದಾಖಲೆ ಪೂರ್ತಿ ಇರುತ್ತದೆ ಎಂದು ಹೇಳಲಾರೆ, ಆದರೆ ಬಾಯಿಯ ಲೆಕ್ಕಕ್ಕೆ ತಾಳೆ ನೋಡಲು ಸಾಕು. ಓಲೆ ಕಿತ್ತ ತೂತು ಇದ್ದರೆ ಏಕೆ ಕಿತ್ತರು ಎಂದು ಕೇಳಿ. ಬೇಲಿಗೆ ಸಿಕ್ಕಿ ಹರಿದಿದ್ದರೆ ಕಿವಿಯೂ ಸೀಳಿರುತ್ತದೆ, ಕತ್ತರಿಸಿ ತೆಗೆದಿದ್ದರೆ ತೂತು ದುಂಡಗೆ ಉಳಿಯುತ್ತದೆ.

ಆ ಹಸುವನ್ನು ಅವರು ಕೊಳ್ಳಲಿಲ್ಲ. ತಿಂಗಳ ಮೇಲೆ ಕನಕಪುರ ತಾಲೂಕಿನ ಒಂದು ಹಳ್ಳಿಯ ಮನೆಯಲ್ಲೇ ಹಸು ಕಟ್ಟಿದ್ದಲ್ಲಿಗೆ ಹೋಗಿ ಇನ್ನೊಂದನ್ನು ತಂದರು. ಆರು ದೊಡ್ಡ ಹಲ್ಲು, ಮೂಲೆಯಲ್ಲಿ ಎರಡು ಹಾಲುಹಲ್ಲು ಸರಿಯಾಗಿದ್ದವು, ಎರಡನೇ ಸೂಲು ಎಂಬ ಮಾತಿಗೆ ಬಾಯಿ ತಾಳೆಯಾಯಿತು. ಮಾರಿದವರು ಹದಿನಾಲ್ಕು ಲೀಟರ್ ಎಂದಿದ್ದರು, ಎರಡು ಹೊತ್ತಿನ ಅಳತೆಯಲ್ಲಿ ಹನ್ನೆರಡೂವರೆ ಬಂತು. ಬೆಲೆಯನ್ನು ಆ ಹನ್ನೆರಡೂವರೆಗೆ ಮಾತಾಡಿದರು.

ಹಲ್ಲು, ಕೆಚ್ಚಲು ಆಯಿತು. ಒಟ್ಟು ಆರೋಗ್ಯದಲ್ಲಿ ನಾಲ್ಕಾರು ಸಂಗತಿ ನೋಡಿದರೆ ಸಾಕು. ಹಸುವನ್ನು ಗಟ್ಟಿ ನೆಲದ ಮೇಲೆ ನಡೆಸಿ ನೋಡಿ, ಕೆಸರಿನಲ್ಲಿ ನಿಂತ ಹಸುವಿನ ಕುಂಟು ಕಾಣುವುದಿಲ್ಲ. ಮೂತಿ ತೇವವಾಗಿರಬೇಕು, ವಿಶ್ರಾಂತಿಯಲ್ಲಿ ಮೆಲುಕು ಹಾಕುತ್ತಿರಬೇಕು. ಕೆಳರೆಪ್ಪೆ ಎಳೆದರೆ ಒಳಗೆ ತಿಳಿಗೆಂಪು ಇರಬೇಕು. ಬಿಳಿಚಿಕೊಂಡಿದ್ದರೆ ಭುಜದ ಮುಂದೆ ಚರ್ಮದ ಕೆಳಗೆ ಗಡ್ಡೆ ಊದಿದೆಯೇ ಎಂದು ಕೈಯಾಡಿಸಿ. ರಕ್ತಹೀನತೆ, ಗಡ್ಡೆ ಊತ, ಮೈಮೇಲೆ ಉಣ್ಣೆ, ಈ ಮೂರೂ ಒಟ್ಟಿಗಿದ್ದರೆ ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರದ ಅನುಮಾನ. ಜ್ವರಮಾಪಕ ಇದ್ದರೆ ಹಸುವಿನ ಸಹಜ ಶಾಖ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಎಂಬುದು ನೆನಪಿರಲಿ. ನೆರಳಿನಲ್ಲಿ ನಿಂತೂ ಬಾಯಿ ತೆರೆದು ತೇಕುವ, ಮೈಯ ಕೂದಲು ಉದ್ದವಾಗಿ ಒರಟಾಗಿ ಬೆಳೆದ ಸೀಮೆಹಸುವನ್ನು ಬಿಟ್ಟುಬಿಡಿ. ಹಿಂದೆ ಕಾಲುಬಾಯಿ ಜ್ವರ ಬಂದು ಉಳಿದ ಹಸು ಹಾಗಾಗುತ್ತದೆ, ಬಿಸಿಲು ತಡೆಯುವುದಿಲ್ಲ, ಹಾಲಿಗೂ ಬೆದೆಗೂ ಬರುವುದಿಲ್ಲ.

ಬಾಲ ಎತ್ತಿ ಹಿಂಭಾಗವನ್ನು ನೋಡಲು ನಾಚಬೇಡಿ. ದುರ್ವಾಸನೆಯ ಸ್ರಾವ, ಹೊಲಿಗೆ ಹಾಕಿದ ಗುರುತು ಇದೆಯೇ ನೋಡಿ. ಹೊಲಿಗೆಯ ಗುರುತು ಎಂದರೆ ಗರ್ಭಕೋಶ ಹೊರಬಂದ ಹಸು, ಮುಂದಿನ ಸೂಲಿನಲ್ಲೂ ಅದೇ ಆಗಬಹುದು. ಗಬ್ಬವೆಂದು ಮಾರುವ ಹಸುವನ್ನು ಪಶುವೈದ್ಯರಿಂದ ಕೈ ಹಾಕಿಸಿ ಪರೀಕ್ಷಿಸದೆ ಗಬ್ಬವೆಂದು ಲೆಕ್ಕಿಸಬೇಡಿ. ಎರಡು ತಿಂಗಳು ಕಳೆದ ಗಬ್ಬವನ್ನು ಅವರು ಖಚಿತವಾಗಿ ಹೇಳಬಲ್ಲರು.

ಹಾಲು ಕೊಡುವ ಹಸು, ಆದರೆ ಜೊತೆಗೆ ಕರುವಿಲ್ಲ. ‘ಕರು ಸತ್ತುಹೋಯಿತು’ ಎನ್ನುತ್ತಾರೆ. ಎಷ್ಟನೇ ತಿಂಗಳಿಗೆ ಹಾಕಿತು ಎಂದು ಕೇಳಿ. ಐದು, ಆರು, ಏಳನೇ ತಿಂಗಳಿಗೆ ಕಂದು ಹಾಕಿದ ಹಸುವಿನಲ್ಲಿ ಬ್ರುಸೆಲ್ಲಾ ಎಂಬ ಕಂದುರೋಗದ ಅನುಮಾನ ಪಡಬೇಕು. ಹೊರಗೆ ನೋಡಿದರೆ ಹಸು ಪೂರ್ತಿ ಆರೋಗ್ಯವಾಗಿರುತ್ತದೆ. ಅದರ ಕಸದಿಂದ, ಸ್ರಾವದಿಂದ, ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಕೈಯಿಂದ ಕಸ ತೆಗೆಯುವವರು ನಮ್ಮ ಹೆಣ್ಣುಮಕ್ಕಳೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಈ ರೋಗ ಹಲ್ಲಿನಲ್ಲೂ ಕಣ್ಣಿನಲ್ಲೂ ಕಾಣುವುದಿಲ್ಲ, ರಕ್ತ ಪರೀಕ್ಷೆಯೊಂದೇ ದಾರಿ. ನಿಮ್ಮ ಪಶುವೈದ್ಯರು ರಕ್ತ ತೆಗೆದು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳುಹಿಸಬಹುದು. ಮನೆಯಲ್ಲಿ ನಾಲ್ಕೈದು ಹಸು ಕಟ್ಟಿರುವವರು ಹೊಸ ಹಸುವಿಗೆ ಈ ಪರೀಕ್ಷೆ ಮಾಡಿಸದೆ ಕೊಟ್ಟಿಗೆಗೆ ಸೇರಿಸಬಾರದು.

ವ್ಯಾಪಾರ ಮುಗಿದ ಮೇಲೆ ಮಾರಿದವರ ಹೆಸರು, ಊರು, ಬೆಲೆ, ಹಸುವಿನ ಬಣ್ಣ, ಕಿವಿಯೋಲೆ ಸಂಖ್ಯೆ ಬರೆದ ರಸೀದಿ ಪಡೆಯಿರಿ. ವಾಹನದಲ್ಲಿ ತರುವಾಗ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಲಿ.

ಮನೆಗೆ ತಂದ ಹಸುವನ್ನು ಮೂರು ವಾರ ಬೇರೆ ಕಟ್ಟಬೇಕು. ಕಾಲುಬಾಯಿ ಜ್ವರ ಸೋಂಕಿದ ಎರಡು ದಿನದಿಂದ ಎರಡು ವಾರದೊಳಗೆ ಹೊರಬೀಳುತ್ತದೆ, ಸಂತೆಯಲ್ಲಿ ಚೆನ್ನಾಗಿದ್ದ ಹಸು ಮನೆಗೆ ಬಂದು ಐದನೇ ದಿನ ಜೊಲ್ಲು ಸುರಿಸಬಹುದು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು, ತಮಗೆ ನೆನಪಿದೆ. ಬೇರೆ ಕೊಟ್ಟಿಗೆ ಎಲ್ಲಿಂದ ತರೋಣ ಎಂದು ಕೇಳುತ್ತೀರಿ. ರೇಷ್ಮೆ ಮನೆಯ ಹಿಂದಿನ ಜಾಗವೋ, ಹೊಲದ ಮರದ ನೆರಳೋ ಸಾಕು, ಗೊಂತು ಮತ್ತು ನೀರಿನ ಬಾನಿ ಬೇರೆ ಇರಬೇಕು. ನಿಮ್ಮ ಹಳೆಯ ಹಸುಗಳನ್ನು ಮೊದಲು ಕರೆದು, ಹೊಸದನ್ನು ಕಡೆಗೆ ಕರೆಯಿರಿ, ಕೈ ಸೋಪಿನಲ್ಲಿ ತೊಳೆಯಿರಿ. ಆ ಮೂರು ವಾರದಲ್ಲಿ ಉಣ್ಣೆಗೆ ಔಷಧಿ ಹೊಡೆಸಿ, ಜಂತಿಗೆ ಔಷಧಿ ಕೊಡಿಸಿ, ಕಾಲುಬಾಯಿ ಲಸಿಕೆ ಆರು ತಿಂಗಳೊಳಗೆ ಆಗಿದೆಯೇ ಎಂದು ಕಿವಿಯೋಲೆ ಸಂಖ್ಯೆಯ ದಾಖಲೆಯಲ್ಲಿ ನೋಡಿಸಿ. ಆಗಿಲ್ಲವಾದರೆ ಹಾಕಿಸಿ. ಮೇವನ್ನು ಒಂದೇ ದಿನಕ್ಕೆ ಬದಲಿಸಬೇಡಿ. ಮಾರಿದವರ ಮನೆಯಲ್ಲಿ ಏನು ತಿನ್ನುತ್ತಿತ್ತೆಂದು ಕೇಳಿಕೊಂಡು ಬಂದು, ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ನಿಮ್ಮ ಮೇವಿಗೆ ತನ್ನಿ. ಮೊದಲ ವಾರ ಹಾಲು ಒಂದೆರಡು ಲೀಟರ್ ಇಳಿಯುವುದು ಸಹಜ, ಎರಡನೇ ವಾರದ ಕಡೆಗೂ ಏರದಿದ್ದರೆ ಆಗ ನಮ್ಮನ್ನು ಕರೆಯಿರಿ.